ಸಿಗುವುದಿಲ್ಲ

ಕನ್ನಡದ ಧಾತುಗಳಲ್ಲಿ ‘ಸಿಗು’ ಎಂಬುದು ಬಹಳ ಸಭ್ಯವಾದದ್ದು. ‘ಪುಸ್ತಕ ಸಿಗುವುದಿಲ್ಲ’ ಎಂಬ ವಾಕ್ಯವನ್ನೇ ನೋಡಿ. ವ್ಯಾಕರಣದ ಪ್ರಕಾರ ಇಲ್ಲಿ ಕರ್ತೃಪದ ಪುಸ್ತಕವೇ. ಕೊಡಬೇಕಾಗಿದ್ದವನು ಯಾರು, ಕೊಡದೆ ಹೋದದ್ದು ಏಕೆ ಎಂಬುದು ವಾಕ್ಯದಲ್ಲಿ ಎಲ್ಲಿಯೂ ಇಲ್ಲ. ಯಾರನ್ನೂ ದೂರದೆ ದೂರು ಹೇಳಬೇಕಾದರೆ ಇದಕ್ಕಿಂತ ಒಳ್ಳೆಯ ಮಾತು ಸಿಗುವುದಿಲ್ಲ!

ಹೋದ ವರ್ಷ ನಮ್ಮ ಕಾಲೇಜಿನಲ್ಲಿ ಒಂದು ವಿಚಾರಣೆ ನಡೆಯಿತು. ಹುಡುಗರು ಗ್ರಂಥಾಲಯಕ್ಕೆ ಕಾಲಿಡುವುದೇ ಇಲ್ಲವೆಂದು ಪ್ರಿನ್ಸಿಪಾಲರಿಗೆ ಚಿಂತೆ ಹತ್ತಿತ್ತು. ಕೈಯಲ್ಲಿ ಒಂದಿಷ್ಟು ಹಣವಿತ್ತು. ಅದರಲ್ಲಿ ಹೊಸ ಪ್ರತಿಗಳನ್ನು ಕೊಳ್ಳುವುದೆಂದು ಹೆಚ್ಚುಕಡಿಮೆ ತೀರ್ಮಾನವೂ ಆಗಿತ್ತು. ಆದರೂ ಒಂದು ಮಾತು ಕೇಳಿಬಿಡೋಣವೆಂದು ‘ನೀವು ಗ್ರಂಥಾಲಯಕ್ಕೆ ಏಕೆ ಬರುವುದಿಲ್ಲ?’ ಎಂದು ಅಚ್ಚು ಹಾಕಿಸಿ, ಕೆಳಗೆ ನಾಲ್ಕು ಗೆರೆ ಖಾಲಿ ಬಿಟ್ಟು ಹಂಚಿದರು. ಹೆಸರು ಬರೆಯಬೇಕಾಗಿರಲಿಲ್ಲ. ತುಂಬಿ ಬಂದವು 180. ಮಾತಿಗೆ ಸಂಬಂಧಪಟ್ಟದ್ದೆಲ್ಲ ಕನ್ನಡ ಮೇಷ್ಟರ ಪಾಲಿಗೆ ಬರುವುದು ಕಾಲೇಜುಗಳ ಸಂಪ್ರದಾಯ. ಲೆಕ್ಕ ಹಾಕಿಕೊಡಲು ಸಂಖ್ಯಾಶಾಸ್ತ್ರದ ಮೇಡಂ ನನಗೆ ಜೊತೆಯಾದರು.

ಇಂಥ ಉತ್ತರಗಳನ್ನು ಕಂಡೊಡನೆ ಎಣಿಸಲು ಕೈ ತುರಿಸುತ್ತದೆ. ಮೇಡಂ ಬಿಡಲಿಲ್ಲ. ಮೊದಲು ಪ್ರತಿಯೊಂದು ಹಾಳೆಗೂ ನಂಬರು ಹಾಕಿಸಿದರು, ಯಾವ ಚೀಟಿ ಎಲ್ಲಿಂದ ಬಂತೆಂದು ಮತ್ತೆ ಹುಡುಕಬೇಕಾದರೆ ದಾರಿಯಿರಲಿ ಎಂದು. ಆಮೇಲೆ ಇಸ್ಪೀಟಿನ ಹಾಗೆ ಕಲಸಿದೆವು. ಬಿ.ಎಸ್‌ಸಿ. ತರಗತಿಯ ಹಾಳೆಗಳು ಒಟ್ಟಿಗೆ ಮೊದಲು ಬಂದರೆ ನಮ್ಮ ಗುಂಪುಗಳೆಲ್ಲ ಅವರ ಅಳತೆಗೇ ಹೊಲಿದಂತಾಗುತ್ತವೆ. ಉಳಿದವರಿಗೆ ಆ ಅಂಗಿ ಬಿಗಿ. ಹೀಗೆ ಕಲಸಿದ್ದರಲ್ಲಿ ಮೊದಲ ಐವತ್ತನ್ನು ಯಾವ ಗುಂಪನ್ನೂ ಮಾಡದೆ ಸುಮ್ಮನೆ ಓದಿದೆವು. ಗುಂಪಿನ ಹೆಸರುಗಳನ್ನು ಮೊದಲೇ ಬರೆದಿಟ್ಟುಕೊಂಡು ಓದಲು ಕುಳಿತರೆ ನಾವು ನಿರೀಕ್ಷಿಸಿದ್ದೇ ಕಾಣುತ್ತದೆ. ನಮ್ಮ ಕಮಿಟಿಗೆ ಆಗಲೇ ‘ಪ್ರತಿಗಳ ಕೊರತೆ’ ಎಂಬ ಹೆಸರು ಬಾಯಿಗೆ ಬಂದುಬಿಟ್ಟಿತ್ತು.

ಒಂದೊಂದು ಉತ್ತರದಲ್ಲಿ ಎರಡೆರಡು ಕಾರಣಗಳಿದ್ದವು. ‘ಟೈಮಿಲ್ಲ, ಇದ್ದರೂ ಪುಸ್ತಕ ಸಿಗೋಲ್ಲ’ ಎಂದು 47ನೆಯವನೋ 47ನೆಯವಳೋ ಬರೆದಿದ್ದರು. ಅದನ್ನು ಒಂದು ಗುಂಪಿಗೆ ತುರುಕಿದರೆ ಇನ್ನೊಂದು ಕಾರಣ ಸತ್ತಂತೆ. ಆದ್ದರಿಂದ 47ಅ, 47ಆ ಎಂದು ಎರಡು ಚೀಟಿಗಳಲ್ಲಿ ಬರೆದುಕೊಂಡೆವು. ಹೀಗೆ 180 ಹಾಳೆಗಳಿಂದ 231 ಚೀಟಿಗಳಾದವು. ನಮ್ಮ ಮನೆಯ ನಡುಮನೆ ಎರಡು ಭಾನುವಾರ ಅವುಗಳ ವಶವಾಯಿತು. ಫ್ಯಾನು ಹಾಕುವ ಹಾಗಿಲ್ಲ.

ಪ್ರತಿಯೊಂದು ಗುಂಪಿಗೂ ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬರೆದೆವು: ಇದಕ್ಕೆ ಏನು ಸೇರುತ್ತದೆ, ಏನು ಸೇರುವುದಿಲ್ಲ, ಉದಾಹರಣೆಗೆ ಒಂದು ಚೀಟಿ. ಮೂರರಲ್ಲಿ ಎರಡನೆಯದೇ ಮುಖ್ಯ. ‘ಸಮಯವಿಲ್ಲ’ ಎಂದರೆ ಏನೆಂದು ಯಾರು ಬೇಕಾದರೂ ಹೇಳಬಹುದು. ಏನಲ್ಲವೆಂದು ಬರೆಯಲು ಹೊರಟಾಗ ಅದರ ಅಂಚು ತಿಳಿಯುತ್ತದೆ. ಇನ್ನೊಂದು ಕಟ್ಟಳೆಯೂ ಇತ್ತು. ನಡುವೆ ಎಲ್ಲಾದರೂ ಹೊಸ ಗುಂಪು ಹುಟ್ಟಿದರೆ ಮೊದಲ ಚೀಟಿಯಿಂದ ಮತ್ತೆ ನೋಡಬೇಕು. ನೂರ ಇಪ್ಪತ್ತನೆಯ ಚೀಟಿಯ ಹತ್ತಿರ ಅಂಥದೊಂದು ಹುಟ್ಟಿತು. ಅಂದು ಸಂಜೆಯ ಕಾಫಿ ರುಚಿಸಲಿಲ್ಲ.

ಹಾಗೆ ಹುಟ್ಟಿದ್ದು ಇದೇ ಸಿಗುವುದಿಲ್ಲದ ಗುಂಪಿನೊಳಗೆ. ‘ಕೇಳಿದ್ದು ಸಿಗೋಲ್ಲ’ ಎಂಬ ಚೀಟಿಗಳನ್ನೆಲ್ಲ ಒಂದೆಡೆ ಪೇರಿಸುತ್ತಿದ್ದೆವು. ನೂರ ಇಪ್ಪತ್ತನೆಯದರಲ್ಲಿ ‘ಗಾಜಿನಲ್ಲಿ ಕಾಣುತ್ತೆ, ಕೈಗೆ ಸಿಗೋಲ್ಲ’ ಎಂದಿತ್ತು. ಪುಸ್ತಕ ಇದೆ, ಬೀರುವಿಗೆ ಬೀಗವಿದೆ, ಬೀಗದ ಕೈ ಇರುವ ಮನುಷ್ಯ ಇಲ್ಲ. ಇದಕ್ಕೂ ಪುಸ್ತಕವೇ ಇಲ್ಲದಿರುವುದಕ್ಕೂ ಕನ್ನಡದಲ್ಲಿ ಒಂದೇ ಕ್ರಿಯಾಪದ. ಆದರೆ ಒಂದಕ್ಕೆ ಮದ್ದು ಹಣ, ಇನ್ನೊಂದಕ್ಕೆ ಬೀಗದ ಕೈ. ಮದ್ದು ಬೇರೆಯಾದಾಗ ಗುಂಪೂ ಬೇರೆಯಾಗಲೇಬೇಕೆಂದು ನನಗೆ ತೋರಿತು. ಮೇಡಂ ಒಪ್ಪಿದರು, ಮೊದಲಿನಿಂದ ಮತ್ತೆ ಹೊರಟೆವು.

ಆದರೆ ಗುಂಪು ಮಾಡುವವನು ಒಬ್ಬನೇ ಆದರೆ ಅದು ಅವನ ಮನೋಧರ್ಮವೋ ಚೀಟಿಯ ಮಾತೋ ಹೇಗೆ ತಿಳಿಯುವುದು? “ಸರ್, ಐವತ್ತು ಚೀಟಿ ನನಗೂ ಕೊಡಿ. ನಿಮ್ಮ ಗುರುತು ನನಗೆ ತೋರಿಸಬೇಡಿ” ಎಂದರು ಮೇಡಂ. ಒಂದೊಂದು ಚೀಟಿಯೂ ಸಿಗುವುದಿಲ್ಲದ ಗುಂಪಿನದೇ ಅಲ್ಲವೇ ಎಂದು ಇಬ್ಬರೂ ಬೇರೆಬೇರೆಯಾಗಿ ಗುರುತು ಹಾಕಿದೆವು. ಐವತ್ತರಲ್ಲಿ ನಲವತ್ತು ಹೊಂದಿದವು. ನಾನು ಬೀಗಿದೆ. ಮೇಡಂ ಬೀಗಲಿಲ್ಲ.

“ನೀವೂ 20 ಹೌದು ಅಂದಿದ್ದೀರಿ, ನಾನೂ 20. ಇಬ್ಬರೂ ಕಣ್ಣು ಮುಚ್ಚಿಕೊಂಡು ಅಷ್ಟೇ ಗುರುತು ಹಾಕಿದ್ದರೂ ಸರಾಸರಿ 26 ಹೊಂದಿರೋವು, ಸರ್” ಎಂದರು. ಹೌದು ಹೌದಿಗೆ ಕೂಡುವುದು 8, ಅಲ್ಲ ಅಲ್ಲಕ್ಕೆ ಕೂಡುವುದು 18. ನಮ್ಮ ಬುದ್ಧಿಯಿಂದ ಸಂಪಾದಿಸಲು ಉಳಿದದ್ದು 24, ಸಂಪಾದಿಸಿದ್ದು 14. ಭಾಗಿಸಿದರೆ 0.58. ಜೇಕಬ್ ಕೋಹೆನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1960ರಲ್ಲಿ ಈ ಅಳತೆಯನ್ನು ಪ್ರಕಟಿಸಿ ಅದಕ್ಕೆ ಕಪ್ಪಾ ಎಂಬ ಗ್ರೀಕ್ ಅಕ್ಷರವನ್ನು ಇಟ್ಟನಂತೆ. ನೂರಕ್ಕೆ 80 ಎಂದು ಬೀಗಿದವನಿಗೆ 0.58 ಎಂಬುದು ಸೆಕೆಂಡ್ ಕ್ಲಾಸಿನ ಹಾಗೆ ಕಂಡಿತು.

ಹೊಂದದ ಹತ್ತನ್ನು ಎದುರಿಗಿಟ್ಟುಕೊಂಡು ಕುಳಿತೆವು. ನಿಜವಾದ ಕೆಲಸ ಅಲ್ಲಿಯೇ. ಕೆಲವು ‘ಬರೀ ಹಳೇ ಪುಸ್ತಕ’ ಎಂಬ ಬಗೆಯವು. ಹೊಸದು ಸಿಗುವುದಿಲ್ಲವೆಂದು ನಾನು ಓದಿಕೊಂಡಿದ್ದೆ. ಇರುವುದು ಹಿಡಿಸುವುದಿಲ್ಲವೆಂದು ಅವರು. ಎರಡು ಓದಿಗೂ ಆಧಾರವಿತ್ತು. ‘ಇಂಥ ಪುಸ್ತಕ ಬೇಕಿತ್ತು ಎಂಬ ಸೂಚನೆ ಇದ್ದರೆ ಮಾತ್ರ ಇಲ್ಲಿಗೆ’ ಎಂದು ನೋಟ್‌ಬುಕ್ಕಿನ ಎರಡನೆಯ ಸಾಲನ್ನು ತಿದ್ದಿ, ಬೇರೆ ಐವತ್ತು ಚೀಟಿಗಳನ್ನು ತೆಗೆದುಕೊಂಡೆವು. ಅದೇ ಐವತ್ತನ್ನು ಮತ್ತೆ ನೋಡಿದರೆ ಹೊಂದದೆ ಏನು? ಚರ್ಚೆ ಇನ್ನೂ ಕಿವಿಯಲ್ಲಿರುತ್ತದೆ. ಈ ಸಲ ಬೇರೆಯಾದದ್ದು ಮೂರು. ಆ ಮೇಲೆ, ತಿದ್ದಿದ ಸಾಲನ್ನು ಹಿಡಿದು, ಎಲ್ಲ 231ನ್ನೂ ಇನ್ನೊಮ್ಮೆ ದಾಟಿದೆವು.

ಎಣಿಕೆ ಅರ್ಧ ಗಂಟೆಯ ಕೆಲಸ. ಸಿಗುವುದಿಲ್ಲವೆಂದ ಚೀಟಿಗಳು 62, ಅಷ್ಟನ್ನೂ ಬರೆದವರು 58 ಮಂದಿ. ಚೀಟಿಗಳ ಲೆಕ್ಕದಲ್ಲಿ ಇದು ನೂರಕ್ಕೆ 27; ಮಂದಿಯ ಲೆಕ್ಕದಲ್ಲಿ ನೂರಕ್ಕೆ 32. ಎಷ್ಟು ಜನಕ್ಕೆ ತೊಂದರೆ ಎಂಬುದು ಪ್ರಶ್ನೆಯಾದ್ದರಿಂದ ಮಂದಿಯ ಲೆಕ್ಕವನ್ನೇ ಬರೆದೆವು. ಹೀಗೆ ಬರೆದಾಗ ಎಲ್ಲ ಗುಂಪುಗಳನ್ನೂ ಕೂಡಿದರೆ ನೂರನ್ನು ಮೀರುತ್ತದೆ. ಮೀಟಿಂಗಿನಲ್ಲಿ ಯಾರಾದರೂ ಕೂಡಿ ನೋಡುವವರು ಇದ್ದೇ ಇರುತ್ತಾರೆಂದು ಕೆಳಗೆ ಒಂದು ಸಾಲು ವಿವರಣೆ ಹಾಕಿದೆವು.

ಆ 62ರ ಒಳಗೆ, ಪುಸ್ತಕವೇ ಇಲ್ಲ ಎಂದು ಸ್ಪಷ್ಟವಾಗಿ ಹೇಳಿದವು 11. ಬೀಗ, ಬೀಗದ ಕೈ, ಊಟಕ್ಕೆ ಹೋದ ಅಟೆಂಡರ್ ಇತ್ಯಾದಿ 29. ಪುಸ್ತಕ ಯಾರೋ ಅಧ್ಯಾಪಕರ ಮನೆಯಲ್ಲಿದೆ ಎಂದವು 9. ಈ ಒಂಬತ್ತನ್ನು ಓದುವಾಗ ಮೀಟಿಂಗಿನಲ್ಲಿ ಕೆಲವರು ಕಿಟಕಿಯ ಹೊರಗೆ ನೋಡಿದರು.

ಉಳಿದವು 13. ಅವುಗಳಲ್ಲಿ ‘ಪುಸ್ತಕ ಸಿಗೋಲ್ಲ’ ಎಂಬ ಎರಡೇ ಮಾತು. ಹಿಂದಿಲ್ಲ, ಮುಂದಿಲ್ಲ. ಬರೆದವರನ್ನು ಕರೆದು ಕೇಳೋಣವೆಂದರೆ ಹೆಸರಿಲ್ಲ. “ಕೊರತೆಗೇ ಸೇರಿಸಿಬಿಡಿ, 24 ಆಗುತ್ತೆ” ಎಂದರು ಒಬ್ಬ ಹಿರಿಯರು. “ಬೀಗಕ್ಕೂ ಸೇರಿಸಬಹುದಲ್ಲ ಸಾರ್, 42 ಆಗುತ್ತೆ” ಎಂದರು ಮೇಡಂ. ಎಲ್ಲವನ್ನೂ ಕೊರತೆಗೇ ಸೇರಿಸಿದರೂ ಅದು ಬೀಗದ 29ನ್ನು ಮುಟ್ಟುವುದಿಲ್ಲವೆಂಬುದು ಪ್ರಿನ್ಸಿಪಾಲರ ಕಣ್ಣಿಗೆ ಬಿತ್ತು. ವರದಿಯಲ್ಲಿ ‘ಅರ್ಥ ಸ್ಪಷ್ಟವಿಲ್ಲ: 13’ ಎಂದೇ ಹೋಯಿತು. ಕೊಳ್ಳುವ ಪಟ್ಟಿ ಅರ್ಧಕ್ಕೆ ಇಳಿದು, ಮಧ್ಯಾಹ್ನದ ಹೊತ್ತಿಗೆ ಇನ್ನೊಬ್ಬ ಅಟೆಂಡರ್ ಬಂದ.

ಈ ವರ್ಷ ಮತ್ತೆ ಹಾಳೆ ಹಂಚಿದ್ದೇವೆ. ಪ್ರಶ್ನೆಯನ್ನು ಮಾತ್ರ ಬದಲಾಯಿಸಿದೆವು: ‘ಕಳೆದ ಸಲ ನೀವು ಕೇಳಿದ ಪುಸ್ತಕ ಯಾವುದು? ಕೇಳಿದಾಗ ಏನಾಯಿತು?’ ಖಾಲಿ ಗೆರೆಗಳು ಈಗ ಆರು.