ಮೊದಲು ನೀರು

ಪಿಯು ಮಕ್ಕಳಿಗೆ ಲ್ಯಾಬ್ ಅಪಾಯಗಳ ಬಗ್ಗೆ ಮಾಡಿದ ಪಾಠವನ್ನೇ ಪೋಸ್ಟರ್ ಮಾಡ್ತಾ ಕೂತಿದ್ದೀನಿ. ಪಾಠದಲ್ಲಿ ಆಸಿಡ್ ಯಾಕೆ ಸುಡುತ್ತೆ ಅನ್ನೋದು ಮೊದಲು, ಮೈಮೇಲೆ ಬಿದ್ದರೆ ಏನು ಮಾಡಬೇಕು ಅನ್ನೋದು ಕೊನೆಗೆ. ಪೋಸ್ಟರ್‌ನಲ್ಲಿ ಅದು ತಿರುಗಾಮುರುಗಾ ಆಗಲೇಬೇಕು.

ಮೇಲೆ ಕೆಂಪು ಅಂಚಿನ ವಜ್ರಾಕೃತಿ, ಒಳಗೆ ಲೋಹದ ಮೇಲೂ ಕೈ ಮೇಲೂ ದ್ರವ ಸುರಿಯೋ ಚಿತ್ರ. ಅದರ ಕೆಳಗೇ ದಪ್ಪಕ್ಷರದಲ್ಲಿ: ಕಣ್ಣಿಗೆ ಬಿತ್ತಾ? ರೆಪ್ಪೆ ಬಿಡಿಸಿ ಹಿಡಿದು, ಹರಿಯೋ ನೀರಲ್ಲಿ ಕನಿಷ್ಠ 15 ನಿಮಿಷ ತೊಳೀರಿ. ಅಷ್ಟರಲ್ಲಿ ಪಕ್ಕದವರು ಮೇಷ್ಟ್ರನ್ನ ಕೂಗಲಿ. ಆಮೇಲೆ ಆಸ್ಪತ್ರೆ.

ಅಡುಗೆ ಸೋಡಾ ಹಾಕಬಹುದಾ ಅಂತ ಮಕ್ಕಳು ಕೇಳೇ ಕೇಳ್ತಾರೆ. ಬೇಡ. ಅದನ್ನ ಹುಡುಕೋ ಹೊತ್ತಿಗೆ ಆಸಿಡ್ ಒಳಗಿಳಿದಿರುತ್ತೆ.

ಇದನ್ನ ಬಾಗಿಲಿಗಲ್ಲ, ನಲ್ಲಿ ಪಕ್ಕದಲ್ಲೇ ಅಂಟಿಸ್ತೀನಿ. ನಿಮ್ಮ ಲ್ಯಾಬಲ್ಲಿ ಎಲ್ಲಿ ಅಂಟಿಸಿದ್ದೀರಿ?