ಗುಂಡ ಎಲ್ಲ ಸೀನಲ್ಲೂ ಗುಂಡನೇ ಆಗಿರಬೇಕು

ನಮ್ಮ ದೊಡ್ಡಮಳೂರಿನ ಗೆಳೆಯನೊಬ್ಬ ಚನ್ನಪಟ್ಟಣದ ಬೊಂಬೆ ಮಾರುತ್ತಾನೆ. ಅಂಗಡಿಯ ಗುರುತಿಗೆ ಒಂದು ಮರದ ಬೊಂಬೆ ಇಟ್ಟುಕೊಂಡಿದ್ದಾನೆ, ಹೆಸರು ಗುಂಡ. ಹಳದಿ ಮೈ, ಹೊಟ್ಟೆ ಸುತ್ತ ಮೂರು ಕೆಂಪು ಪಟ್ಟಿ, ಹಸಿರು ಟೋಪಿ, ಚುಕ್ಕಿಯಂಥ ಕಣ್ಣು. ಈ ಗುಂಡನನ್ನು ಇಟ್ಟುಕೊಂಡು ಎಐನಲ್ಲಿ ಐದು ಸೀನಿನ ಜಾಹೀರಾತು ಮಾಡಲು ಹೊರಟ. ಸುದ್ದಿ ವಿಡಿಯೊ ಎಡಿಟ್ ಮಾಡಿ ಅಭ್ಯಾಸವಿದ್ದ ನಾನೂ ಜೊತೆಗೆ ಕೂತೆ.

ಬರೀ ಮಾತಲ್ಲಿ ವಿವರ ಬರೆದು ಅವನು ಮಾಡಿಸಿದ್ದ ಸೀನುಗಳಲ್ಲಿ ಗುಂಡನಿಗೆ ಒಂದು ಕಡೆ ನಾಲ್ಕು ಪಟ್ಟಿ, ಇನ್ನೊಂದು ಕಡೆ ನೀಲಿ ಟೋಪಿ. ಎಐಗೆ ಹಿಂದಿನ ಸೀನಿನ ನೆನಪಿರುವುದಿಲ್ಲ. ನಾವು ಕೊಡದೆ ಬಿಟ್ಟದ್ದನ್ನು ಪ್ರತಿ ಸಲ ಅದೇ ಊಹಿಸಿಕೊಳ್ಳುತ್ತದೆ.

ಹಾಗಾಗಿ ಊಹೆಗೆ ಜಾಗ ಕೊಡಲಿಲ್ಲ. ನಿಜವಾದ ಬೊಂಬೆಯನ್ನೇ ನೆರಳಲ್ಲಿಟ್ಟು ಮುಂದೆ, ಪಕ್ಕ, ಹಿಂದೆ ಮೂರು ಫೋಟೊ ತೆಗೆದೆವು. ಹಿಂದಿನದು ಯಾಕೆಂದರೆ, ಗುಂಡ ತಿರುಗಿದ ಕೂಡಲೇ ಎಐ ಬೆನ್ನನ್ನು ತಾನೇ ಕಲ್ಪಿಸುತ್ತದೆ. ಎತ್ತರ ತಿಳಿಯಲಿ ಅಂತ ಇನ್ನೊಂದು ಫೋಟೊದಲ್ಲಿ ಪಕ್ಕಕ್ಕೆ ಕಾಫಿ ಲೋಟ ಇಟ್ಟೆವು. ಈ ಫೋಟೊಗಳನ್ನು ಕೊಟ್ಟು ಮೊದಲು ಪ್ರತಿ ಸೀನಿಗೂ ಒಂದು ನಿಂತ ಚಿತ್ರ ಮಾಡಿಸಿ, ಅದು ಸರಿ ಇದ್ದರೆ ಮಾತ್ರ ಅದರಿಂದ ವಿಡಿಯೊ ಮಾಡಿಸಿದೆವು. ಗುಂಡನ ವರ್ಣನೆಯ ಸಾಲನ್ನು ಒಂದಕ್ಷರ ಬದಲಿಸದೆ ಐದೂ ಕಡೆ ಅಂಟಿಸಿದೆವು.

ಒಂದು ಸೀನಿನ ಕೊನೆಯ ಚಿತ್ರದಿಂದಲೇ ಮುಂದಿನದನ್ನು ಶುರು ಮಾಡುವುದು ಸುಲಭ ಅನಿಸುತ್ತದೆ. ಆದರೆ ಅದು ಜೆರಾಕ್ಸಿನ ಜೆರಾಕ್ಸ್ ಇದ್ದ ಹಾಗೆ. ಸಣ್ಣ ತಪ್ಪು ಸೀನಿನಿಂದ ಸೀನಿಗೆ ಬೆಳೆಯುತ್ತದೆ. ಅದಕ್ಕೇ ಪ್ರತಿ ಸಲ ಮೂಲ ಫೋಟೊಗೆ ವಾಪಸ್ ಹೋದೆವು. ಪರೀಕ್ಷೆ ಇಷ್ಟೇ: ಪ್ರತಿ ಸೀನಿನ ಕೊನೆಯಲ್ಲಿ ವಿಡಿಯೊ ನಿಲ್ಲಿಸಿ, ಮೂಲ ಫೋಟೊ ಪಕ್ಕದಲ್ಲಿಟ್ಟು ಪಟ್ಟಿ ಎಣಿಸುವುದು.

ರೂಪ ನಿಂತರೂ ಸ್ವಭಾವ ಜಾರುತ್ತದೆ. ಒಂದು ಸೀನಲ್ಲಿ ಗುಂಡ ಸಿನಿಮಾ ಹೀರೊ ಥರ ಕುಣಿದುಬಿಟ್ಟ. 'ಒಳ್ಳೆಯವನು, ತಮಾಷೆಯವನು' ಎಂದು ಬರೆದರೆ ಎಐ ತನಗೆ ತೋಚಿದ್ದು ಮಾಡುತ್ತದೆ. ಸ್ವಭಾವವನ್ನು ಚಲನೆಯಾಗಿ ಬರೆಯಬೇಕು: 'ಮೊಣಕಾಲಿಲ್ಲ, ಅಲ್ಲಾಡುತ್ತಾ ಮುಂದೆ ಸಾಗುತ್ತಾನೆ. ಬಾಯಿ ತೆರೆಯುವುದಿಲ್ಲ. ಅಚ್ಚರಿಯಾದರೆ ನಿಂತು, ತಲೆ ಮಾತ್ರ ನಿಧಾನವಾಗಿ ತಿರುಗಿಸುತ್ತಾನೆ.'

2009ರ ಐಪಿಎಲ್ ಹೊತ್ತಿನಲ್ಲಿ ವೊಡಾಫೋನ್‌ನ ಝೂಝೂ ಜಾಹೀರಾತು ನೋಡಿದ್ದೀರಲ್ಲ? ಅವನ್ನು ಮಾಡಿದ್ದು ಬೆಂಗಳೂರಿನ ನಿರ್ವಾಣ ಫಿಲ್ಮ್ಸ್. ಅವು ಕಂಪ್ಯೂಟರ್ ಬೊಂಬೆಗಳಲ್ಲ, ಬಿಳಿ ವೇಷದೊಳಗಿದ್ದವರು ಮನುಷ್ಯರು. ಮೊಟ್ಟೆಯಂಥ ತಲೆ, ಸರಳ ಮುಖ, ಅರ್ಥವಾಗದ ಮಾತು. ಕತೆ ಬದಲಾದರೂ ಈ ಕಟ್ಟುಪಾಡು ಬದಲಾಗಲಿಲ್ಲ. ಹಾಗಾಗಿ ನೋಡಿದ ಕೂಡಲೇ ಗುರುತು ಸಿಗುತ್ತಿತ್ತು.

ಇಷ್ಟಾದರೂ ಎರಡು ಕೆಲಸ ಎಐಗೆ ಬಿಡಲಿಲ್ಲ. ಅಂಗಡಿ ಹೆಸರಿನ ಕನ್ನಡ ಅಕ್ಷರ ಚಲಿಸುವಾಗ ಕರಗಿ ಕಲಸಿಹೋಗುತ್ತಿತ್ತು, ಅದನ್ನು ಎಡಿಟಿಂಗಿನಲ್ಲಿ ಹಾಕಿದೆವು. ದನಿಯೂ ಸೀನಿಗೊಂದು ಥರ ಬರುತ್ತಿತ್ತು. ಕೊನೆಗೆ ಗೆಳೆಯನೇ ಒಂದೇ ಸಲ ಕೂತು ಐದೂ ಸೀನಿಗೆ ಮಾತಾಡಿದ. ಗುಂಡ ಬಾಯಿ ತೆರೆಯದವನಾದ್ದರಿಂದ ತುಟಿ ಹೊಂದಿಸುವ ತಾಪತ್ರಯವೂ ಇರಲಿಲ್ಲ.