ನಾಲ್ಕು ಕ್ಯಾಪ್ಷನ್, ಒಂದು ಫೋಟೊ

ತುಮಕೂರು ಕಡೆ ರಾಗಿ ಒಕ್ಕಣೆ ಕಾಲದಲ್ಲಿ ನಮ್ಮ ಗೆಳೆಯನೊಬ್ಬ ತೆಗೆದ ಫೋಟೊ ಇದು. ಟಾರು ರಸ್ತೆಯ ಮೇಲೆ ರಾಗಿ ತೆನೆ ಹರಡಿದೆ. ಬಸ್ಸು ಈಗಷ್ಟೇ ಅದರ ಮೇಲೆ ಹಾದುಹೋಗಿದೆ. ಅಜ್ಜಿಯೊಬ್ಬರು ಬಗ್ಗಿ ಹುಲ್ಲು ಮಗುಚುತ್ತಿದ್ದಾರೆ.

ಕ್ಯಾಪ್ಷನ್ ಬರೆಯಲು ನಾಲ್ವರಿಗೆ ಹೇಳಿದೆವು. ಗ್ರೂಪಿಗೆ ಹಾಕಬೇಡಿ, ಒಬ್ಬರಿಗೇ ಕಳಿಸಿ ಎಂದೆವು. ಮೊದಲು ಬಂದದ್ದನ್ನು ನೋಡಿದರೆ ಉಳಿದವರೂ ಅದೇ ದಾರಿ ಹಿಡಿಯುತ್ತಾರೆ, ಇದು ನಮಗೆ ಗೊತ್ತಿರುವ ಸಂಗತಿ.

ಬಂದದ್ದು ಇವು:

೧. ರಸ್ತೆಯಲ್ಲೇ ಒಕ್ಕಣೆ. ಹುಲ್ಲಿನ ಮೇಲೆ ಬೈಕ್ ಜಾರುತ್ತದೆ, ಸವಾರರಿಗೆ ಅಪಾಯ.

೨. ಕಣವಿಲ್ಲದ ಊರಿಗೆ ಟಾರು ರಸ್ತೆಯೇ ಕಣ.

೩. ತುಮಕೂರು ಜಿಲ್ಲೆಯ ಹಳ್ಳಿಯೊಂದರ ರಸ್ತೆಯಲ್ಲಿ ಬಸ್ಸು ಹೋದ ಮೇಲೆ ರಾಗಿ ತೆನೆ ಮಗುಚುತ್ತಿರುವ ಅಜ್ಜಿ.

೪. ಬೆವರ ಹನಿಯೇ ರಾಗಿ ಕಾಳಾದಾಗ...

ನಾಲ್ಕನೆಯದನ್ನು ಬಿಟ್ಟೆವು. ಅದನ್ನು ಯಾವ ರೈತರ ಫೋಟೊಗಾದರೂ ಹಾಕಬಹುದು. ಮೂರನೆಯದು ಸಪ್ಪೆ, ಆದರೆ ಎಲ್ಲಿ, ಯಾರು, ಏನು ಮಾಡುತ್ತಿದ್ದಾರೆ ಎಂಬುದೆಲ್ಲ ಅದರಲ್ಲಿದೆ. ಅದನ್ನೇ ಬುನಾದಿ ಮಾಡಿಕೊಂಡೆವು. ಎಲ್ಲರಿಗೂ ಹಿಡಿಸಿದ್ದು ಎರಡನೆಯದು. ಅದನ್ನು ಮೂರನೆಯದಕ್ಕೆ ಜೋಡಿಸಿ, ಇನ್ನೇನು ಹಾಕಬೇಕು ಅನ್ನುವಾಗ ಒಬ್ಬಳು ಕೇಳಿದಳು: "ಆ ಊರಲ್ಲಿ ಕಣ ಇಲ್ಲ ಅಂತ ಯಾರು ಹೇಳಿದ್ದು?"

ಯಾರೂ ಹೇಳಿರಲಿಲ್ಲ. ಬರೆದವನು ಫೋಟೊ ನೋಡಿ ಊಹಿಸಿದ್ದ. ಫೋಟೊ ತೆಗೆದವನು ಮತ್ತೆ ಆ ಊರಿಗೆ ಹೋಗಿ ಅಜ್ಜಿಯನ್ನು ಕೇಳಿದ.

"ಕಣ ಐತಪ್ಪ. ಎತ್ತು ಮಾರಿ ನಾಕು ವರ್ಷ ಆಯ್ತು, ರೋಣಗಲ್ಲು ಎಳೆಯೋರು ಯಾರು? ಇಷ್ಟು ರಾಗಿಗೆ ಮಿಷನ್ನೋರೂ ಬರಲ್ಲ."

ಆ ಸಾಲನ್ನು ಹಾಗೇ ಹಾಕಿದ್ದರೆ ಇಡೀ ಊರಿನ ಮೇಲೆ ಸುಳ್ಳು ಹೇಳಿದಂತಾಗುತ್ತಿತ್ತು. ಸಾಲಿನ ಅಚ್ಚು ಉಳಿಸಿಕೊಂಡು ಒಳಗಿನ ಮಾತು ಬದಲಿಸಿದೆವು. ಮೊದಲನೆಯದರ ಅಪಾಯದ ಮಾತು ನಿಜವೇ, ಅದನ್ನು ಬಿಡುವಂತಿಲ್ಲ. ಆದರೆ ಅದು ದೂರಿನ ಹಾಗೆ ಮೊದಲಿಗೇ ಬಂದರೆ ಅಜ್ಜಿಯೇ ತಪ್ಪಿತಸ್ಥೆ ಅನ್ನಿಸುತ್ತದೆ. ಕೊನೆಗೆ ಇಟ್ಟೆವು, ಓದುವವರಿಗೆ ಹೇಳುವ ಮಾತಾಗಿ.

ಕೊನೆಗೆ ಹಾಕಿದ್ದು ಇದು:

"ತುಮಕೂರು ಜಿಲ್ಲೆಯ ಹಳ್ಳಿಯೊಂದರ ರಸ್ತೆಯಲ್ಲಿ ಬಸ್ಸು ಹೋದ ಮೇಲೆ ರಾಗಿ ತೆನೆ ಮಗುಚುತ್ತಿರುವ ಅಜ್ಜಿ. ಎತ್ತಿಲ್ಲದ ಮನೆಗೆ ಬಸ್ಸಿನ ಚಕ್ರವೇ ರೋಣಗಲ್ಲು. ಹುಲ್ಲಿನ ಮೇಲೆ ಬೈಕ್ ಜಾರುತ್ತದೆ, ನಿಧಾನವಾಗಿ ಹೋಗಿ."

ಮೂರು ಜನರ ಸಾಲುಗಳಿವು. ಜೋರಾಗಿ ಓದಿ ನೋಡಿದೆವು, ಬೆಸುಗೆ ಕೇಳಿಸಲಿಲ್ಲ. ಅಂದಿನಿಂದ ಯಾರ ಸಾಲನ್ನು ಎತ್ತಿಕೊಂಡರೂ "ಇದನ್ನು ನೋಡಿದ್ದೋ, ಊಹಿಸಿದ್ದೋ?" ಎಂದು ಮೊದಲು ಕೇಳುತ್ತೇವೆ. ಚೆನ್ನಾಗಿರುವ ಸಾಲಿಗಂತೂ ಎರಡು ಸಲ ಕೇಳುತ್ತೇವೆ.